‘ಮಳೆ ಕೈಕೊಟ್ಟಿತು’: ಒಂದು ವರ್ಕ್‌ಶೀಟ್‌ಗಾಗಿ ಮಾಡಿದ ಅನುವಾದದ ಪ್ರಕರಣ ಅಧ್ಯಯನ

ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಮೊದಲ ವರ್ಷದ ಇಂಗ್ಲಿಷ್ ತರಗತಿಗೆ ಅನುವಾದದ ವರ್ಕ್‌ಶೀಟ್ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತರಗತಿಯಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರೂ ಇಂಗ್ಲಿಷ್ ಮಾಧ್ಯಮದಿಂದ ಬಂದವರೂ ಹೆಚ್ಚುಕಡಿಮೆ ಸಮನಾಗಿ ಇದ್ದರು. ಮೊದಲಿನವರಿಗೆ ಕನ್ನಡದ ನುಡಿಗಟ್ಟು ಓದಿದ ಕೂಡಲೇ ಅರ್ಥವಾಗುತ್ತದೆ, ಅದಕ್ಕೆ ತಕ್ಕ ಇಂಗ್ಲಿಷ್ ಸಿಗುವುದಿಲ್ಲ. ಎರಡನೆಯವರ ಬಳಿ ಇಂಗ್ಲಿಷ್ ನುಡಿಗಟ್ಟುಗಳು ಸಾಕಷ್ಟಿರುತ್ತವೆ, ಆದರೆ ಕನ್ನಡದ ಮಾತು ಎಲ್ಲಿ ಅಕ್ಷರಾರ್ಥವನ್ನು ಬಿಟ್ಟು ನಡೆಯುತ್ತಿದೆ ಎಂಬುದು ಗೊತ್ತಾಗುವುದಿಲ್ಲ. ಇಬ್ಬರಿಗೂ ಕೆಲಸ ಕೊಡುವಂಥ ಒಂದು ಗದ್ಯಭಾಗ ಬೇಕಾಗಿತ್ತು. ಅಚ್ಚಾದ ಪುಸ್ತಕದಿಂದ ಎತ್ತಿಕೊಂಡರೆ ಅದರ ಅನುವಾದವನ್ನು ಎಲ್ಲಿಂದಾದರೂ ಹುಡುಕಿ ತಂದುಬಿಡುತ್ತಾರೆ ಎಂಬ ಕಾರಣಕ್ಕೆ, ಕನ್ನಡ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಊರಿನ ಕಡೆಯ ಮಾತಿನ ಧಾಟಿಯಲ್ಲಿ ಹೊಸದಾಗಿಯೇ ಒಂದನ್ನು ಬರೆದುಕೊಟ್ಟರು. ಅದನ್ನು ಪೂರ್ತಿಯಾಗಿ ಕೊಡುತ್ತೇನೆ.

“ಹೋದ ವರ್ಷ ಮಳೆ ಕೈಕೊಟ್ಟಿತು. ಚಿಕ್ಕಪ್ಪನವರು ಹಲ್ಲು ಕಚ್ಚಿಕೊಂಡು ಮೆಕ್ಕೆಜೋಳ ಉಳಿಸಿಕೊಂಡರು. ಮಾಲು ದಾವಣಗೆರೆಯ ಮಾರುಕಟ್ಟೆಗೆ ಬಂದಾಗ ದಲಾಲರು ತೇವ ಜಾಸ್ತಿ ಎಂದು ಮೂಗು ಮುರಿದರು. ಪಕ್ಕದ ಹೊಲದವರ ಮಾಲು ಹಸಿ ಇತ್ತಂತೆ. ಅದಕ್ಕಾಗಿ ಇವರ ದರವನ್ನೂ ಇಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಅಣ್ಣ ಜಗಳಕ್ಕೆ ನಿಂತ. ‘ಹೋಗಲಿ ಬಿಡಪ್ಪ, ಹೊಟ್ಟೆಗೆ ಹಾಕಿಕೋ’ ಎಂದರು ಚಿಕ್ಕಪ್ಪ. ಊರಿನ ಒಬ್ಬರಿಗೆ ಕೊಟ್ಟಿದ್ದ ಕೈಗಡಕ್ಕೂ ಅಂದೇ ಎಳ್ಳುನೀರು ಬಿಟ್ಟರು.”

ಇಷ್ಟು ಚಿಕ್ಕ ಭಾಗದಲ್ಲಿ ಐದು ನುಡಿಗಟ್ಟುಗಳೂ ಒಂದು ಗಾದೆಯೂ ಇವೆ. ಇವುಗಳ ಸಾಂದ್ರತೆ ಸಹಜ ಬರವಣಿಗೆಗಿಂತ ಹೆಚ್ಚು ಎಂಬುದು ನಿಜ. ಆದರೆ ಎಪಿಎಂಸಿ ಅಂಗಳದಲ್ಲಿ ಚೀಲದ ಮೇಲೆ ಕುಳಿತು ಮಾತಾಡುವ ರೈತರ ನಡುವೆ ಒಂದು ಗಳಿಗೆ ನಿಂತವರಿಗೆ ಇದು ಕೃತಕ ಎನ್ನಿಸಲಾರದು.

ವರ್ಕ್‌ಶೀಟ್‌ಗಾಗಿ ಮಾಡುವ ಅನುವಾದಕ್ಕೂ ಓದುಗರಿಗಾಗಿ ಮಾಡುವ ಅನುವಾದಕ್ಕೂ ಒಂದು ವ್ಯತ್ಯಾಸವಿದೆ ಮತ್ತು ಈ ಪ್ರಕರಣದ ಎಲ್ಲ ನಿರ್ಧಾರಗಳೂ ಅದರ ಮೇಲೆಯೇ ನಿಂತಿವೆ. ಓದುಗರಿಗೆ ಅನುವಾದ ಮಾಡುವವರು ತಮಗೆ ಸರಿಕಂಡ ಒಂದು ರೂಪವನ್ನು ಆಯ್ದುಕೊಂಡು ಮುಂದೆ ಹೋಗಬಹುದು. ವರ್ಕ್‌ಶೀಟ್‌ನಲ್ಲಿ ಅದೇ ರೂಪ ಮಾದರಿ ಉತ್ತರವಾಗುತ್ತದೆ, ಬೇರೆ ಸೆಕ್ಷನ್‌ನ ಅಧ್ಯಾಪಕರು ಅದನ್ನು ಎದುರಿಗಿಟ್ಟುಕೊಂಡು ಅಂಕ ಹಾಕುತ್ತಾರೆ, ಮಾದರಿಯಲ್ಲಿ ಇಲ್ಲದ ಒಳ್ಳೆಯ ಉತ್ತರಕ್ಕೆ ಕೆಂಪು ಗೆರೆ ಬೀಳುವ ಸಂಭವವಿರುತ್ತದೆ. ಆದ್ದರಿಂದ ಪ್ರತಿಯೊಂದು ನುಡಿಗಟ್ಟಿಗೂ ಯಾವ ರೂಪ ಮಾದರಿ, ಅದರ ಜೊತೆಗೆ ಯಾವುದಕ್ಕೆ ಪೂರ್ಣ ಅಂಕ, ಯಾವುದು ಕಣ್ಣಿಗೆ ಚೆನ್ನಾಗಿ ಕಂಡರೂ ತಪ್ಪು ಎಂಬ ಮೂರನ್ನೂ ಮೊದಲೇ ಬರೆದಿಡಬೇಕಾಯಿತು. ಮೂರನೆಯದನ್ನು ಬರೆಯುವುದೇ ಹೆಚ್ಚು ಹೊತ್ತು ಹಿಡಿಯಿತು.

ಮೊದಲ ವಾಕ್ಯ

ಕರಡು ಹಂತದಲ್ಲಿ ಗದ್ಯಭಾಗವನ್ನು ಕೆಲವು ವಿದ್ಯಾರ್ಥಿಗಳಿಗೆ ಕೊಟ್ಟು, ನಿಘಂಟು ನೋಡದೆ ಇಂಗ್ಲಿಷಿಗೆ ತರಲು ಹೇಳಲಾಗಿತ್ತು. ‘ಮಳೆ ಕೈಕೊಟ್ಟಿತು’ ಎಂಬುದಕ್ಕೆ ಬಂದ ಉತ್ತರಗಳಲ್ಲಿ ಒಂದು ‘ದಿ ರೇನ್ ಗೇವ್ ಅಸ್ ಎ ಹ್ಯಾಂಡ್’. ಇದರಲ್ಲಿ ವ್ಯಾಕರಣ ದೋಷವಿಲ್ಲ, ಇಂಗ್ಲಿಷ್ ಸಹಜವಾಗಿದೆ, ನುಡಿಗಟ್ಟಿಗೆ ನುಡಿಗಟ್ಟೇ ಬಂದಿದೆ. ಅರ್ಥ ಮಾತ್ರ ಪೂರ್ತಿ ತಿರುಗಿಬಿದ್ದಿದೆ. ಇಂಗ್ಲಿಷಿನಲ್ಲಿ ಹ್ಯಾಂಡ್ ಕೊಡುವುದೆಂದರೆ ನೆರವಾಗುವುದು. ಕನ್ನಡದಲ್ಲಿ ನೆರವಾಗುವುದಕ್ಕೆ ನಾವು ‘ಕೈ ಹಿಡಿ’, ‘ಕೈ ಜೋಡಿಸು’ ಎನ್ನುತ್ತೇವೆ. ‘ಕೈಕೊಡು’ ಎಂದರೆ ನಂಬಿದವರನ್ನು ನಡುನೀರಿನಲ್ಲಿ ಬಿಡುವುದು. ಮಳೆ ಕೈ ಹಿಡಿಯಿತು ಎಂದರೆ ಬೆಳೆ ಬಂತು, ಮಳೆ ಕೈಕೊಟ್ಟಿತು ಎಂದರೆ ಬೆಳೆ ಒಣಗಿತು. ಹೀಗೆ ಮೇಲ್ನೋಟಕ್ಕೆ ಒಂದೇ ಆಗಿ ಕಾಣುವ, ಒಳಗೆ ಬೇರೆಯೇ ಅರ್ಥವಿರುವ ಜೋಡಿಗಳ ಬಗ್ಗೆ ಅನುವಾದ ಶಾಸ್ತ್ರದ ವಿದ್ವಾಂಸೆ ಮೋನಾ ಬೇಕರ್ 1992ರಲ್ಲೇ ಎಚ್ಚರಿಸಿದ್ದಾರೆ. ಅರ್ಥವಾಗದ ನುಡಿಗಟ್ಟು ಅನುವಾದಕರನ್ನು ನಿಲ್ಲಿಸುತ್ತದೆ, ನಿಂತವರು ವಿಚಾರಿಸುತ್ತಾರೆ. ಅರ್ಥವಾದಂತೆ ತೋರುವ ಈ ಬಗೆಯ ನುಡಿಗಟ್ಟು ಯಾರನ್ನೂ ನಿಲ್ಲಿಸುವುದಿಲ್ಲ ಎಂಬುದೇ ಅದರ ಅಪಾಯ.

ಇಂಥದ್ದನ್ನು ಪತ್ತೆ ಮಾಡಲು ವಿದ್ಯಾರ್ಥಿಗೆ ಕೈಯಲ್ಲಿ ಒಂದು ಉಪಾಯ ಇರಬೇಕು. ನಾವು ಕೊಟ್ಟದ್ದು ಸರಳವಾದ ಒಂದು ಪರೀಕ್ಷೆ: ಸಂದೇಹ ಬಂದ ಪದದ ಜಾಗದಲ್ಲಿ ಅದರ ಸಮಾನಾರ್ಥಕವನ್ನು ಇಟ್ಟು ಓದುವುದು. ‘ಮಳೆ ಹಸ್ತ ಕೊಟ್ಟಿತು’ ಎಂದು ಯಾರೂ ಹೇಳುವುದಿಲ್ಲ, ‘ದಲಾಲರು ನಾಸಿಕ ಮುರಿದರು’ ಎಂದರೆ ಆಸ್ಪತ್ರೆಯ ಸುದ್ದಿಯಾಗುತ್ತದೆ. ಪದ ಬದಲಿಸಿದ ಕೂಡಲೇ ಮಾತು ಮುರಿದುಬಿದ್ದರೆ ಅದು ಕಟ್ಟಿಕೊಂಡ ಮಾತು, ನುಡಿಗಟ್ಟು ಎಂದೇ ಲೆಕ್ಕ. ‘ಮೆಕ್ಕೆಜೋಳ ಉಳಿಸಿಕೊಂಡರು’ ಎಂಬಲ್ಲಿ ‘ಬೆಳೆ ಉಳಿಸಿಕೊಂಡರು’ ಎಂದರೂ ವಾಕ್ಯ ನಿಲ್ಲುತ್ತದೆ, ಅಲ್ಲಿ ಅಕ್ಷರಾರ್ಥವನ್ನೇ ಅನುವಾದಿಸಬಹುದು. ಈ ಪರೀಕ್ಷೆಯನ್ನು ವರ್ಕ್‌ಶೀಟ್‌ನ ಮೊದಲ ಭಾಗವಾಗಿ ಇಟ್ಟೆವು: ಅನುವಾದಕ್ಕೆ ಮುಂಚೆ ನುಡಿಗಟ್ಟುಗಳಿಗೆ ಅಡಿಗೆರೆ ಎಳೆದು, ಪ್ರತಿಯೊಂದರ ಅರ್ಥವನ್ನು ನುಡಿಗಟ್ಟಿಲ್ಲದ ಬರಿಯ ಕನ್ನಡದಲ್ಲಿ ಒಂದು ವಾಕ್ಯವಾಗಿ ಬರೆಯಬೇಕು. ಈ ನಡುವಿನ ಕನ್ನಡ ವಾಕ್ಯ ಇಲ್ಲದೆ ನೇರ ಇಂಗ್ಲಿಷಿಗೆ ಹಾರಿದವರೇ ‘ಗೇವ್ ಅಸ್ ಎ ಹ್ಯಾಂಡ್’ ಬಳಿ ಎಡವಿದ್ದರು. ‘ನಂಬಿಕೊಂಡಿದ್ದ ಮಳೆ ಬರಲಿಲ್ಲ’ ಎಂದು ಮೊದಲು ಬರೆದುಕೊಂಡವರಲ್ಲಿ ಯಾರೂ ಹಾಗೆ ಬರೆಯಲಿಲ್ಲ.

ಮಾದರಿ ಉತ್ತರಕ್ಕೆ ಮೂರು ರೂಪಗಳನ್ನು ತೂಗಿ ನೋಡಿದೆವು. ‘ದಿ ರೇನ್ಸ್ ಫೇಲ್ಡ್’ ಎಂಬುದು ಇಂಗ್ಲಿಷಿನಲ್ಲಿ ನೆಲೆನಿಂತ ಪ್ರಯೋಗ. ಮಳೆಗಾಲವನ್ನು ಸೂಚಿಸುವಾಗ ‘ರೇನ್ಸ್’ ಎಂದು ಬಹುವಚನದಲ್ಲಿ ಹೇಳುವುದೂ ವಿದ್ಯಾರ್ಥಿಗಳು ಕಲಿಯಬೇಕಾದದ್ದೇ. ಆದರೆ ಕನ್ನಡದಲ್ಲಿ ಮಳೆಯ ಮೇಲೆ ಒಂದು ದೂರಿದೆ, ನಂಬಿಸಿ ಬಿಟ್ಟಿತು ಎಂಬ ನೋವಿದೆ. ‘ಲೆಟ್ ಅಸ್ ಡೌನ್’ ಆ ದೂರನ್ನು ಉಳಿಸುತ್ತದೆ. ಕೊನೆಗೆ ಎರಡೂ ಒಟ್ಟಿಗೆ ಸಿಗುವ ‘ದಿ ರೇನ್ಸ್ ಫೇಲ್ಡ್ ಅಸ್’ ಎಂಬುದನ್ನು ಮಾದರಿಯಾಗಿ ಇಟ್ಟು, ಉಳಿದ ಎರಡಕ್ಕೂ ಪೂರ್ಣ ಅಂಕ ಎಂದು ಬರೆದೆವು.

‘ಹಲ್ಲು ಕಚ್ಚಿಕೊಂಡು’, ‘ಮೂಗು ಮುರಿದರು’ ಎಂಬೆರಡರಲ್ಲಿ ಹೆಚ್ಚಿನ ತೊಡಕಿಲ್ಲ. ಮೊದಲನೆಯದಕ್ಕೆ ‘ಗ್ರಿಟೆಡ್ ಹಿಸ್ ಟೀತ್’, ಎರಡನೆಯದಕ್ಕೆ ‘ಟರ್ನ್ಡ್ ಅಪ್ ದೆರ್ ನೋಸಸ್’ ಎಂಬ ಇಂಗ್ಲಿಷ್ ನುಡಿಗಟ್ಟುಗಳು ಅದೇ ಅಂಗವನ್ನೂ ಅದೇ ಭಾವವನ್ನೂ ಇಟ್ಟುಕೊಂಡಿವೆ. ಇವನ್ನು ಹೊಂದಿಸಿ ಬರೆಯುವ ಪ್ರಶ್ನೆಯಾಗಿ ಕೊಟ್ಟರೆ ಸಾಕು.

ಎತ್ತು, ಎಮ್ಮೆ ಮತ್ತು ಬರೆ

ಗಾದೆಯ ಬಳಿ ಬಂದಾಗ ಎರಡು ವಿಭಾಗಗಳ ನಡುವೆ ನಿಜವಾದ ಭಿನ್ನಾಭಿಪ್ರಾಯ ಬಂತು. ಇಂಗ್ಲಿಷ್ ವಿಭಾಗದ ಒಬ್ಬರು ‘ರಾಬಿಂಗ್ ಪೀಟರ್ ಟು ಪೇ ಪಾಲ್’ ಎಂಬ ಗಾದೆಮಾತನ್ನು ಸೂಚಿಸಿದರು. ಇಲ್ಲಿಯೂ ಇಬ್ಬರಿದ್ದಾರೆ, ಒಬ್ಬನಿಗೆ ಅನ್ಯಾಯವಾಗುತ್ತದೆ, ಗದ್ಯಭಾಗದಲ್ಲಿ ಸಾಲದ ಮಾತೂ ಬರುತ್ತದೆ. ಹೀಗಾಗಿ ಅದು ಹೊಂದುತ್ತದೆ ಎನ್ನಿಸುವುದು ಸಹಜ. ಆದರೆ ಆ ಮಾತು ಹೇಳುವುದು ಒಂದು ಸಾಲ ತೀರಿಸಲು ಇನ್ನೊಂದು ಕಡೆಯಿಂದ ಕಿತ್ತುಕೊಳ್ಳುವುದನ್ನು. ನಮ್ಮ ಗಾದೆಯ ಹೂರಣವೇ ಬೇರೆ: ಕಾಯಿಲೆ ಒಂದಕ್ಕೆ, ಚಿಕಿತ್ಸೆಯ ಉರಿ ಇನ್ನೊಂದಕ್ಕೆ. ಎತ್ತು ಎಂದರೆ ಪಕ್ಕದ ಹೊಲದವರು, ಎಮ್ಮೆ ಎಂದರೆ ಚಿಕ್ಕಪ್ಪ, ಜ್ವರ ಎಂದರೆ ಹಸಿ ಮಾಲು, ಬರೆ ಎಂದರೆ ಇಳಿಸಿದ ದರ. ಈ ನಾಲ್ಕನ್ನೂ ಹೊಂದಿಸಿ ನೋಡಿದಾಗ ಮಾತ್ರ ‘ಪೀಟರ್’ ಇಲ್ಲಿ ಸಲ್ಲುವುದಿಲ್ಲ ಎಂಬುದು ಗೊತ್ತಾಗುತ್ತದೆ. ಆದ್ದರಿಂದ ವಿದ್ಯಾರ್ಥಿಗಳಿಗೂ ಅನುವಾದಿಸುವ ಮುಂಚೆ ಯಾವುದು ಯಾರಿಗೆ ಸಲ್ಲುತ್ತದೆ ಎಂಬುದನ್ನು ಬರೆಯುವ ಪ್ರಶ್ನೆ ಇಟ್ಟೆವು.

ಹಾಗಿದ್ದರೆ ಗಾದೆಯನ್ನು ಬಿಟ್ಟು ‘ಹಿ ವಾಸ್ ಪನಿಶ್ಡ್ ಫಾರ್ ಸಮ್‌ಒನ್ ಎಲ್ಸಸ್ ಫಾಲ್ಟ್’ ಎಂದು ಬಿಡಿಸಿ ಹೇಳಬಹುದು. ಅರ್ಥ ತಪ್ಪುವುದಿಲ್ಲ, ಆದರೆ ಒಂದು ಗಾದೆ ಇದ್ದ ಜಾಗದಲ್ಲಿ ಬರಿಯ ವರದಿ ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಗಾದೆಗೂ ನುಡಿಗಟ್ಟಿಗೂ ಇಲ್ಲಿ ಬೇರೆ ಬೇರೆ ದಾರಿ ಹಿಡಿಯಬೇಕು. ನುಡಿಗಟ್ಟಿನ ಚಿತ್ರ ಆಡುವವರ ಮನಸ್ಸಿನಲ್ಲೇ ಸವೆದುಹೋಗಿರುತ್ತದೆ, ಮಳೆ ಕೈಕೊಟ್ಟಿತು ಎನ್ನುವಾಗ ಯಾರ ಕಣ್ಣಮುಂದೆಯೂ ಕೈ ಬರುವುದಿಲ್ಲ. ಗಾದೆಯಲ್ಲಿ ಚಿತ್ರವೇ ವಾದ. ಎಮ್ಮೆಯ ಮೈಮೇಲೆ ಬರೆ ಬೀಳುವುದನ್ನು ಕೇಳುವವರು ಕಾಣಬೇಕು, ಕಂಡಾಗಲೇ ಅನ್ಯಾಯ ಮನಸ್ಸಿಗೆ ತಾಗುತ್ತದೆ. ಆದ್ದರಿಂದ ಗಾದೆಯನ್ನು ಅಕ್ಷರಶಃ ತರಬಹುದು, ತರಬೇಕು ಕೂಡ, ಓದುವವರಿಗೆ ಚಿತ್ರ ತಾನಾಗಿ ಅರ್ಥವಾಗುವಂತಿದ್ದರೆ.

ಅರ್ಥವಾಗುತ್ತದೆಯೇ ಎಂಬುದನ್ನು ನೋಡಲು ಅನುವಾದವನ್ನು ಗಣಿತ ವಿಭಾಗದ ಅಧ್ಯಾಪಕರೊಬ್ಬರಿಗೆ ಕೊಟ್ಟೆವು. ಅವರು ಹೊರರಾಜ್ಯದವರು, ಕನ್ನಡ ಓದಲು ಬಾರದು. ಮೂಲವನ್ನು ತೋರಿಸದೆ ಇಂಗ್ಲಿಷ್ ಪುಟವನ್ನಷ್ಟೇ ಕೊಟ್ಟು, ಓದಿ ಆದ ಮೇಲೆ ಏನು ನಡೆಯಿತು ಎಂಬುದನ್ನು ತಮ್ಮ ಮಾತಿನಲ್ಲಿ ಹೇಳಲು ಕೇಳಿಕೊಂಡೆವು. ಆ ಕರಡಿನಲ್ಲಿ ಬರೆ ಹಾಕುವುದಕ್ಕೆ ‘ಬ್ರ್ಯಾಂಡ್’ ಎಂಬ ಕ್ರಿಯಾಪದವಿತ್ತು, ನಿಘಂಟಿನ ಪ್ರಕಾರ ಅದು ಸರಿಯೇ.

“ಎಮ್ಮೆಯನ್ನು ಯಾರೋ ತಮ್ಮದೆಂದು ಗುರುತು ಹಾಕಿಕೊಂಡರು, ಅಂದರೆ ಸಾಲಕ್ಕೆ ಎಮ್ಮೆ ಜಪ್ತಿ ಆಯಿತು ಅಲ್ಲವೇ ಮೇಡಂ?” ಎಂದು ಅವರು ಕೇಳಿದರು.

ತೊಂದರೆ ಎಲ್ಲಿದೆ ಎಂಬುದು ಆ ಒಂದು ಪ್ರಶ್ನೆಯಿಂದ ತಿಳಿಯಿತು. ಇಂಗ್ಲಿಷಿನಲ್ಲಿ ದನಕ್ಕೆ ‘ಬ್ರ್ಯಾಂಡ್’ ಹಾಕುವುದೆಂದರೆ ಒಡೆತನದ ಗುರುತು ಒತ್ತುವುದು. ನಮ್ಮ ಹಳ್ಳಿಗಳಲ್ಲಿ ಬರೆ ಎಂದರೆ ಮದ್ದು. ದನಕರುಗಳಿಗೆ ಕಾಯಿಲೆ ಬಂದಾಗ ಕಾದ ಕಬ್ಬಿಣದಿಂದ ಬರೆ ಎಳೆಯುವ ಹಳೆಯ ಪದ್ಧತಿಯಿಂದ ಈ ಗಾದೆ ಹುಟ್ಟಿದೆ. ಕಬ್ಬಿಣ ಒಂದೇ, ಉದ್ದೇಶ ಬೇರೆ. ಉದ್ದೇಶ ತಿಳಿಯದ ಓದುಗರಿಗೆ ಜ್ವರಕ್ಕೂ ಬರೆಗೂ ಸಂಬಂಧವೇ ಕಾಣುವುದಿಲ್ಲ, ಗಾದೆಯ ತರ್ಕ ಕಡಿದುಹೋಗುತ್ತದೆ. ಅಡಿಟಿಪ್ಪಣಿ ಹಾಕುವ ಬದಲು ವಾಕ್ಯದೊಳಗೇ ‘ಟ್ರೀಟಿಂಗ್’ ಎಂಬ ಒಂದು ಪದ ಸೇರಿಸಿದರೆ ಸಾಕಾಯಿತು. ಮಾದರಿ ಉತ್ತರ ಹೀಗೆ ನಿಂತಿತು: ‘ಇಟ್ ವಾಸ್ ಲೈಕ್ ಟ್ರೀಟಿಂಗ್ ದಿ ಬಫಲೋ ವಿತ್ ಎ ಹಾಟ್ ಐರನ್ ವೆನ್ ಇಟ್ ವಾಸ್ ದಿ ಬುಲಕ್ ದ್ಯಾಟ್ ಹ್ಯಾಡ್ ದಿ ಫೀವರ್’. ಬಿಡಿಸಿ ಹೇಳಿದ ಉತ್ತರಕ್ಕೂ ಅರ್ಥದ ಅಂಕ ಪೂರ್ತಿ ಉಂಟು. ‘ಪೀಟರ್’ ಬಂದರೆ ಅರ್ಥದ ಅಂಕ ಇಲ್ಲ ಎಂದು ಕೀ ಉತ್ತರದಲ್ಲಿ ಕಾರಣಸಹಿತ ಬರೆದೆವು.

ಮೂಲ ನೋಡದವರಿಂದ ಓದಿಸಿ ಕಥೆ ಹೇಳಿಸುವ ಈ ಪರೀಕ್ಷೆಗೆ ಒಂದು ಮಿತಿಯಿದೆ. ಓದುವವರು ತೆಲುಗಿನಂಥ ನೆರೆಭಾಷೆಯವರಾದರೆ, ಇಂಗ್ಲಿಷಿನಲ್ಲಿ ಸರಿಯಾಗಿ ಬರದ ಅರ್ಥವನ್ನೂ ತಮ್ಮ ಭಾಷೆಯಿಂದ ತುಂಬಿಕೊಂಡುಬಿಡುತ್ತಾರೆ. ತೆಲುಗಿನಲ್ಲೂ ಕೈ ಕೊಡುವುದೆಂದರೆ ನಂಬಿಸಿ ಬಿಡುವುದೇ. ಅಂಥವರಿಗೆ ‘ಗೇವ್ ಅಸ್ ಎ ಹ್ಯಾಂಡ್’ ಎಂಬುದನ್ನು ತೋರಿಸಿದರೆ ಸರಿಯಾಗಿದೆ ಎಂದೇ ಹೇಳಬಹುದು. ಹಾಗಾಗಿ ನೆರೆಯ ಭಾಷೆಯವರು ‘ಅರ್ಥವಾಯಿತು’ ಎಂದದ್ದನ್ನು ಪೂರ್ತಿ ನಂಬುವಂತಿಲ್ಲ. ಅವರಿಗೆ ಅರ್ಥವಾಗದೆ ಹೋದ ಜಾಗವನ್ನು ಮಾತ್ರ ಖಂಡಿತ ನಂಬಬಹುದು.

ಬಿಡುವುದರ ಮೂರು ಬಗೆ

ಗದ್ಯಭಾಗದ ಕೊನೆಯ ಎರಡು ವಾಕ್ಯಗಳೇ ಇಡೀ ಪ್ರಕರಣದ ಅತಿ ಕಷ್ಟದ ಭಾಗ. ‘ಹೋಗಲಿ ಬಿಡಪ್ಪ’, ‘ಹೊಟ್ಟೆಗೆ ಹಾಕಿಕೋ’, ‘ಎಳ್ಳುನೀರು ಬಿಟ್ಟರು’ ಎಂಬ ಮೂರೂ ಒಂದಲ್ಲ ಒಂದು ರೀತಿಯಲ್ಲಿ ಬಿಟ್ಟುಬಿಡುವುದನ್ನೇ ಹೇಳುತ್ತವೆ. ಕರಡು ಉತ್ತರಗಳಲ್ಲಿ ಮೂರಕ್ಕೂ ‘ಲೆಟ್ ಗೋ’ ಎಂದೇ ಬರೆದವರಿದ್ದರು. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಯಾವುದನ್ನೂ ತಪ್ಪು ಎನ್ನಲಾಗದು, ಒಟ್ಟಿಗೆ ಓದಿದಾಗ ಮಾತ್ರ ಮೂಲದಲ್ಲಿದ್ದ ಮೆಟ್ಟಿಲುಗಳು ಸಮತಟ್ಟಾಗಿವೆ ಎಂಬುದು ಕಾಣುತ್ತದೆ. ಮೊದಲನೆಯದು ಸಮಾಧಾನದ ಮಾತು, ಎರಡನೆಯದು ತಪ್ಪನ್ನು ಮನ್ನಿಸುವುದು, ಮೂರನೆಯದು ಇನ್ನೆಂದೂ ಅದರ ಆಸೆ ಇಟ್ಟುಕೊಳ್ಳದೆ ಕೈಬಿಡುವುದು. ಚಿಕ್ಕಪ್ಪನವರು ಒಂದೇ ದಿನದಲ್ಲಿ ಈ ಮೂರನ್ನೂ ಮಾಡುತ್ತಾರೆ, ಕಥೆ ಇರುವುದು ಅಲ್ಲಿಯೇ.

‘ಬಿಡಪ್ಪ’ ಎಂಬುದರಲ್ಲಿನ ‘ಅಪ್ಪ’ನನ್ನು ‘ಲೀವ್ ಇಟ್, ಫಾದರ್’ ಎಂದು ತಂದವರು ಒಬ್ಬಿಬ್ಬರಲ್ಲ. ಇಂಗ್ಲಿಷ್ ಮಾಧ್ಯಮದಿಂದ ಬಂದವರೂ ಹಾಗೆ ಬರೆದದ್ದು ಗಮನಿಸಬೇಕಾದ ಸಂಗತಿ, ಏಕೆಂದರೆ ಮನೆಯಲ್ಲಿ ಅವರನ್ನೂ ದಿನಕ್ಕೆ ಹತ್ತು ಸಲ ‘ಬಾರಪ್ಪ, ಊಟ ಮಾಡಪ್ಪ’ ಎಂದೇ ಕರೆಯುತ್ತಾರೆ. ಹಿರಿಯರು ಕಿರಿಯನಿಗೆ ಅಕ್ಕರೆಯಿಂದ ಹೇಳುವ ಈ ‘ಅಪ್ಪ’ ಸಂಬಂಧವಾಚಕವಾಗಿ ಉಳಿದಿಲ್ಲ. ‘ಲೆಟ್ ಇಟ್ ಗೋ, ಮೈ ಬಾಯ್’ ಎಂದರೆ ಮಾತಾಡುವವರ ವಯಸ್ಸೂ ಅಕ್ಕರೆಯೂ ಎರಡೂ ಬರುತ್ತವೆ. ‘ಸನ್’ ಎಂದರೂ ಸರಿ.

‘ಹೊಟ್ಟೆಗೆ ಹಾಕಿಕೋ’ ಎಂಬುದಕ್ಕೆ ಹತ್ತಿರದ ಬಲೆ ‘ಸ್ಟಮಕ್ ಇಟ್’. ಇಂಗ್ಲಿಷಿನಲ್ಲೂ ಹೊಟ್ಟೆಯೇ ಕ್ರಿಯಾಪದವಾಗಿದೆ, ಆದರೆ ಅದು ಹೇಳುವುದು ಅಸಹ್ಯವಾದದ್ದನ್ನು ಸಹಿಸಿಕೊಳ್ಳುವುದನ್ನು, ಅದೂ ಬಹುಮಟ್ಟಿಗೆ ಸಹಿಸಲಾಗಲಿಲ್ಲ ಎಂಬ ನಿಷೇಧದಲ್ಲಿ. ಸಹಿಸಿಕೊಂಡವರ ಒಳಗೆ ಸಿಟ್ಟು ಹಾಗೆಯೇ ಉಳಿದಿರಬಹುದು. ಹೊಟ್ಟೆಗೆ ಹಾಕಿಕೊಂಡವರಲ್ಲಿ ಸಿಟ್ಟು ಉಳಿಯುವುದಿಲ್ಲ. ‘ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ಹಿರಿಯರ ಮುಂದೆ ಕೈಮುಗಿಯುವಾಗ ನಾವು ಕೇಳುವುದು ಕ್ಷಮೆಯನ್ನು. ಇಂಗ್ಲಿಷಿನಲ್ಲಿ ಕ್ಷಮೆಯ ಜಾಗ ಹೃದಯ, ‘ಫೈಂಡ್ ಇಟ್ ಇನ್ ಯುವರ್ ಹಾರ್ಟ್ ಟು ಫರ್ಗಿವ್’ ಎಂಬ ನುಡಿಗಟ್ಟು ಅಲ್ಲಿದೆ. ಅರ್ಥ ಸರಿಯಾಗಿದ್ದರೂ ಅದರ ಧ್ವನಿ ಗಂಭೀರ, ಮಾರುಕಟ್ಟೆಯ ಅಂಗಳದಲ್ಲಿ ನಿಂತು ಅಣ್ಣನ ಮಗನಿಗೆ ಚಿಕ್ಕಪ್ಪ ಹೇಳುವ ಮಾತಿಗೆ ಭಾರವಾಗುತ್ತದೆ. ನುಡಿಗಟ್ಟಿನ ಆಸೆ ಬಿಟ್ಟು ‘ಫರ್ಗಿವ್ ದೆಮ್’ ಎಂಬ ಎರಡೇ ಪದವನ್ನು ಮಾದರಿಯಾಗಿ ಇಟ್ಟೆವು. ನುಡಿಗಟ್ಟಿಗೆ ನುಡಿಗಟ್ಟೇ ಬರಬೇಕೆಂಬ ಹಟವನ್ನು ಇಂಥ ಜಾಗದಲ್ಲಿ ಬಿಡಬೇಕಾಗುತ್ತದೆ, ಬರಿಯ ಮಾತೇ ಅಲ್ಲಿ ಹೆಚ್ಚು ನಿಷ್ಠವಾದದ್ದು.

‘ಎಳ್ಳುನೀರು ಬಿಟ್ಟರು’ ಎಂಬುದರ ಹಿಂದೆ ಸತ್ತವರಿಗೆ ಎಳ್ಳು ಬೆರೆಸಿದ ನೀರನ್ನು ತರ್ಪಣವಾಗಿ ಬಿಡುವ ವಿಧಿಯಿದೆ. ಆ ವಿಧಿಯನ್ನು ಆಚರಿಸದ ಮನೆಗಳಲ್ಲೂ ಈ ಮಾತು ಅಷ್ಟೇ ಸಲೀಸಾಗಿ ಬಳಕೆಯಲ್ಲಿದೆ, ಹಾಗಾಗಿ ವಿಧಿಯನ್ನು ವಿವರಿಸುವ ಉದ್ದದ ಟಿಪ್ಪಣಿ ಇಲ್ಲಿ ಬೇಕಿಲ್ಲ ಎಂಬುದು ಕನ್ನಡ ವಿಭಾಗದವರ ಅಭಿಪ್ರಾಯವಾಗಿತ್ತು, ನನಗೂ ಅದು ಸರಿಯೆನಿಸಿತು. ಆದರೆ ಸಾವಿನ ನೆರಳನ್ನು ಪೂರ್ತಿ ಅಳಿಸುವಂತೆಯೂ ಇಲ್ಲ. ಹಣ ಮರಳಿ ಬಾರದು ಎಂಬುದಕ್ಕಿಂತ ಹೆಚ್ಚಾಗಿ, ಅದರ ಲೆಕ್ಕ ಮುಗಿಯಿತು ಎಂಬ ಅಂತಿಮ ಭಾವ ಅದರಿಂದಲೇ ಬರುತ್ತದೆ.

ಇಲ್ಲಿ ಬಂದ ಉತ್ತರಗಳಲ್ಲಿ ಚೆನ್ನಾಗಿ ಕಂಡೂ ತಪ್ಪಾದದ್ದು ‘ವಾಷ್ಡ್ ಹಿಸ್ ಹ್ಯಾಂಡ್ಸ್ ಆಫ್ ದಿ ಲೋನ್’. ನೀರೂ ಇದೆ, ವಿಧಿಯ ಛಾಯೆಯೂ ಇದೆ. ಆದರೆ ಆ ಮಾತಿನ ಮೂಲ ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿ ಪಿಲಾತನು ಜನರ ಎದುರು ಕೈ ತೊಳೆದು, ಈ ರಕ್ತಕ್ಕೆ ನಾನು ಹೊಣೆಯಲ್ಲ ಎಂದು ಹೇಳುವ ಪ್ರಸಂಗ. ಅದು ಹೊಣೆಯಿಂದ ಜಾರಿಕೊಳ್ಳುವ ಮಾತು. ಸಾಲ ಕೊಟ್ಟ ಚಿಕ್ಕಪ್ಪನಿಗೆ ಜಾರಿಕೊಳ್ಳಲು ಯಾವ ಹೊಣೆಯೂ ಇಲ್ಲ, ಅವರು ಬಿಡುತ್ತಿರುವುದು ತಮಗೆ ಬರಬೇಕಾದ ಹಣವನ್ನು. ಆ ಇಂಗ್ಲಿಷ್ ಓದಿದವರಿಗೆ ಸಾಲ ಮಾಡಿದವರು ಚಿಕ್ಕಪ್ಪನೇ ಎಂದು ತೋರುವ ಅಪಾಯವೂ ಉಂಟು.

‘ರೋಟ್ ಆಫ್ ದಿ ಲೋನ್’ ಎಂಬುದು ಸರಿಯಾದ ಉತ್ತರ, ಬಿ.ಕಾಂ. ವಿದ್ಯಾರ್ಥಿಗಳಿಗೆ ಅದು ತಾನಾಗಿಯೇ ಹೊಳೆಯಿತು. ಪೂರ್ಣ ಅಂಕ ಕೊಡಲು ಯಾವ ಅಡ್ಡಿಯೂ ಇಲ್ಲ. ಆದರೂ ಮಾದರಿಯಲ್ಲಿ ‘ಗೇವ್ ಅಪ್ ಫಾರ್ ಡೆಡ್’ ಎಂಬುದನ್ನು ಇಟ್ಟೆವು. ಇಂಗ್ಲಿಷಿನಲ್ಲಿ ಬದುಕುವ ಆಸೆ ಇಲ್ಲವೆಂದು ಕೈಬಿಟ್ಟವರ ಬಗ್ಗೆ ಹೇಳುವ ಈ ಮಾತನ್ನು ಸಾಲಕ್ಕೆ ಹಚ್ಚಿದಾಗ, ಎಳ್ಳುನೀರಿನ ಹಿಂದಿರುವ ಸಾವು ವಿಧಿಯ ವಿವರಣೆಯಿಲ್ಲದೆಯೇ ಉಳಿಯುತ್ತದೆ. ‘ಕೈಗಡ’ಕ್ಕೆ ನಮ್ಮ ದೇಶದಲ್ಲಿ ‘ಹ್ಯಾಂಡ್ ಲೋನ್’ ಎಂದು ಎಲ್ಲರೂ ಅನ್ನುತ್ತಾರಾದರೂ ಹೊರಗಿನ ಇಂಗ್ಲಿಷ್ ಓದುಗರಿಗೆ ಅದು ತಿಳಿಯದು, ಪತ್ರವಿಲ್ಲದೆ ನಂಬಿಕೆಯ ಮೇಲೆ ಕೊಟ್ಟದ್ದು ಎಂಬುದು ಬರುವಂತೆ ‘ಹಿ ಹ್ಯಾಡ್ ಲೆಂಟ್ ಆನ್ ಟ್ರಸ್ಟ್’ ಎಂದು ಬಿಡಿಸಿದೆವು.

ನುಡಿಗಟ್ಟಲ್ಲದಿದ್ದರೂ ಬಿಡಲಾಗದ ಎರಡು ಸಂಗತಿಗಳು

ನುಡಿಗಟ್ಟುಗಳ ಮೇಲೆಯೇ ಕಣ್ಣಿಟ್ಟಿರುವಾಗ ಸದ್ದಿಲ್ಲದೆ ಜಾರಿಹೋಗುವ ಒಂದು ಚಿಕ್ಕ ಪ್ರತ್ಯಯ ಈ ಭಾಗದಲ್ಲಿದೆ. ಪಕ್ಕದವರ ಮಾಲು ‘ಹಸಿ ಇತ್ತಂತೆ’ ಎಂದು ನಿರೂಪಕ ಹೇಳುತ್ತಾನೆ. ಆ ‘ಅಂತೆ’ ಇರುವುದರಿಂದ ಅದು ಕೇಳಿದ ಮಾತು, ತಾನು ಕಂಡದ್ದಲ್ಲ ಎಂಬುದು ಸ್ಪಷ್ಟ. ಮೆಕ್ಕೆಜೋಳಕ್ಕೆ ಸರ್ಕಾರದ ಬೆಂಬಲ ಬೆಲೆಯ ಖರೀದಿಯಲ್ಲಿ ತೇವಾಂಶದ ಮಿತಿ ಶೇ. 14, ಅದನ್ನು ಮೀರಿದ ಮಾಲಿಗೆ ಖಾಸಗಿ ವ್ಯಾಪಾರದಲ್ಲೂ ದರ ಬೀಳುವುದು ಈ ಭಾಗದ ಪ್ರತಿ ರೈತನಿಗೂ ಗೊತ್ತಿರುವ ಸಂಗತಿ. ಹೀಗಿರುವಾಗ ‘ದಿ ನೇಬರ್ಸ್ ಮೇಝ್ ವಾಸ್ ಡ್ಯಾಂಪ್’ ಎಂದಷ್ಟೇ ಬರೆದರೆ, ಹಸಿ ಮಾಲು ತಂದರೆಂಬ ಆರೋಪವನ್ನು ನಿರೂಪಕನೇ ಪಕ್ಕದವರ ಮೇಲೆ ಹೊರಿಸಿದಂತಾಗುತ್ತದೆ. ‘ಅಪ್ಯಾರೆಂಟ್ಲಿ’ ಅಥವಾ ‘ಇಟ್ ವಾಸ್ ಸೆಡ್’ ಸೇರಿಸಿದರೆ ನಿರೂಪಕನಿಗೂ ಆ ಆರೋಪಕ್ಕೂ ನಡುವಿನ ಅಂತರ ಉಳಿಯುತ್ತದೆ. ಈ ಒಂದು ಪದಕ್ಕಾಗಿ ಕೀ ಉತ್ತರದಲ್ಲಿ ಪ್ರತ್ಯೇಕವಾಗಿ ಒಂದು ಅಂಕ ಇಟ್ಟದ್ದನ್ನು ಕೆಲವು ಸಹೋದ್ಯೋಗಿಗಳು ಅತಿಯಾಯಿತು ಎಂದರು. ಎಲ್ಲ ‘ಅಂತೆ’ಗಳಿಗೂ ಅಷ್ಟು ತೂಕ ಬೇಕಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ಇಲ್ಲಿ ಮುಂದೆ ಬರುವ ಗಾದೆ ಆ ಕೇಳಿದ ಮಾತಿನ ಮೇಲೆಯೇ ನಿಂತಿದೆ.

ಎರಡನೆಯದು ಕರ್ತೃಪದ. ಗೌರವದ ‘ಉಳಿಸಿಕೊಂಡರು’, ನಿಜವಾದ ಬಹುವಚನದ ‘ಇಳಿಸಿದರು’, ಮತ್ತೆ ಗೌರವದ ‘ಬಿಟ್ಟರು’ ಮೂರಕ್ಕೂ ಕನ್ನಡದಲ್ಲಿ ಒಂದೇ ರೂಪ. ಕೊನೆಯ ವಾಕ್ಯದಲ್ಲಂತೂ ಕರ್ತೃವೇ ಇಲ್ಲ. ಅಲ್ಲಿ ‘ದೇ ಗೇವ್ ಅಪ್’ ಎಂದು ಬರೆದವರ ಇಂಗ್ಲಿಷಿನಲ್ಲಿ ಸಾಲ ಬಿಟ್ಟವರು ದಲಾಲರಾಗಿಬಿಟ್ಟರು. ಇದನ್ನು ತಡೆಯಲು ಅನುವಾದದ ಮುಂಚೆ ಪ್ರತಿ ಕ್ರಿಯಾಪದದ ಮೇಲೆ ಯಾರು ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳಲು ಸೂಚನೆ ಕೊಟ್ಟೆವು. ಮೆಕ್ಕೆಜೋಳವನ್ನು ‘ಜೋವಾರ್’ ಎಂದವರಿಗೆ ಮಾತ್ರ ಅಂಕ ಕಳೆಯದೆ ಸರಿಯಾದ ಪದವನ್ನು ಬದಿಯಲ್ಲಿ ಬರೆದುಕೊಟ್ಟೆವು, ಅದು ಅನುವಾದದ ತಪ್ಪಿಗಿಂತ ಪದಸಂಪತ್ತಿನ ಕೊರತೆ.

ಅಂತಿಮ ವರ್ಕ್‌ಶೀಟ್ 20 ಅಂಕಗಳದ್ದು. ಅಡಿಗೆರೆ ಎಳೆದು ಬರಿಯ ಕನ್ನಡದಲ್ಲಿ ಅರ್ಥ ಬರೆಯಲು 6, ಗಾದೆಯಲ್ಲಿ ಯಾವುದು ಯಾರಿಗೆ ಸಲ್ಲುತ್ತದೆ ಎಂಬುದಕ್ಕೆ 4, ಪೂರ್ಣ ಅನುವಾದಕ್ಕೆ 10. ಮೊದಲ ಎರಡು ಭಾಗ ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬರೆಸುತ್ತವೆ ಎಂಬ ಆಕ್ಷೇಪ ಬಂದಿತ್ತು. ಆದರೆ ಇಂಗ್ಲಿಷ್ ಬಲವಿಲ್ಲದ ವಿದ್ಯಾರ್ಥಿ ಮೂಲವನ್ನು ತಿಳಿದುಕೊಂಡಿದ್ದಾನೋ ಇಲ್ಲವೋ ಎಂಬುದನ್ನು ಬೇರೆ ಯಾವ ಪ್ರಶ್ನೆಯೂ ತೋರಿಸುತ್ತಿರಲಿಲ್ಲ. ಎಷ್ಟೋ ಉತ್ತರಗಳಲ್ಲಿ ಅನುವಾದ ತಪ್ಪಿದ್ದರೂ ಕನ್ನಡದ ಅರ್ಥ ಸರಿಯಾಗಿತ್ತು, ಕೆಲವರಲ್ಲಿ ಇದು ತಿರುವುಮುರುವಾಗಿ, ಇಂಗ್ಲಿಷ್ ನಯವಾಗಿದ್ದು ಕನ್ನಡದ ಅರ್ಥವೇ ತಪ್ಪಿತ್ತು. ಈ ಎರಡು ಗುಂಪಿಗೆ ಮುಂದೆ ಕೊಡಬೇಕಾದ ಅಭ್ಯಾಸ ಬೇರೆ ಬೇರೆ.

ಮೌಲ್ಯಮಾಪನದ ವೇಳೆ ಕೀ ಉತ್ತರದಲ್ಲಿ ಇಲ್ಲದ ಒಂದು ರೂಪ ಹಲವು ಪತ್ರಿಕೆಗಳಲ್ಲಿ ಬಂತು: ‘ದಿ ರೇನ್ ಡಿಚ್ಡ್ ಅಸ್’. ಮಕ್ಕಳ ಮಾತಿನಲ್ಲಿ ‘ಡಿಚ್’ ಈಗ ಕೈಕೊಡುವುದಕ್ಕೆ ಕನ್ನಡದಷ್ಟೇ ಸಲೀಸಾದ ಪದ, ದೂರಿನ ಧ್ವನಿಯೂ ಅದರಲ್ಲಿದೆ. ಒಬ್ಬ ಅಧ್ಯಾಪಕರು ಸೊನ್ನೆ ಹಾಕಿದ್ದರು, ಇನ್ನೊಬ್ಬರು ಪೂರ್ತಿ ಕೊಟ್ಟಿದ್ದರು. ಕುಳಿತು ಚರ್ಚಿಸಿದ ಮೇಲೆ, ಅರ್ಥಕ್ಕೆ ಪೂರ್ಣ ಅಂಕ ಕೊಟ್ಟು, ಊರಿನ ಹಿರಿಯರ ಕಥೆ ಹೇಳುವ ನಿರೂಪಣೆಗೆ ಆ ಪದ ಸಲ್ಲುವುದಿಲ್ಲ ಎಂದು ಶೈಲಿಯಲ್ಲಿ ಅರ್ಧ ಅಂಕ ಕಳೆಯುವುದೆಂದು ತೀರ್ಮಾನಿಸಿ, ಆ ರೂಪವನ್ನು ಕೀ ಉತ್ತರಕ್ಕೆ ಸೇರಿಸಿ, ಆಗಲೇ ತಿದ್ದಿದ್ದ ಪತ್ರಿಕೆಗಳನ್ನು ಮತ್ತೊಮ್ಮೆ ನೋಡಲಾಯಿತು.